ತಡವಾದ ಬಿಲ್ಲು: ಬಡ್ಡಿ ಲೆಕ್ಕದ ಪತ್ರ ಬರೆಯೋದು ಹೇಗೆ?

ಹೊಳಲ್ಕೆರೆ ಕಡೆ ಅಡಿಕೆ ತೋಟ ಇದೆ. ಹೊಸದುರ್ಗದ ಕಡೆ ತೆಂಗು ಇದೆ. ಹಿರಿಯೂರಿಗೆ ವಾಣಿವಿಲಾಸ ಸಾಗರದ ನೀರು ಇದೆ. ಈ ಊರುಗಳಲ್ಲಿ ಹಗ್ಗ, ಹಾಳೆ ತಟ್ಟೆ, ಉಪ್ಪಿನಕಾಯಿ ಹೀಗೆ ಏನಾದರೂ ತಯಾರು ಮಾಡಿ ಅಂಗಡಿಗೆ ಹಾಕುವವರು ಇದ್ದಾರೆ. ಅಂಗಡಿಯವರು ಎಲ್ಲರಿಗೂ ಕೈಗೆ ಕೈ ಹಣ ಕೊಡುವುದಿಲ್ಲ. "ಉದ್ರಿ ಬರ್ಕೊಳ್ಳಿ, ತಿಂಗಳಿಗೆ ಕೊಡ್ತೀನಿ" ಅಂತಾರೆ. ಮಾಲು ಹೋಗುತ್ತದೆ. ತಿಂಗಳು ಆಗುತ್ತದೆ. ಹಣ ಬರುವುದಿಲ್ಲ.

ಆಗ ಬಡ್ಡಿ ಕೇಳಬಹುದೇ? ಕೇಳಬಹುದು. ಆದರೆ ಬಾಯಲ್ಲಿ ಕೇಳಿದರೆ ಜಗಳವಾಗುತ್ತದೆ. ಒಬ್ಬರು "ಮೂರು ತಿಂಗಳು" ಅಂತಾರೆ, ಇನ್ನೊಬ್ಬರು "ಎಲ್ಲಿ ಮೂರು ತಿಂಗಳು?" ಅಂತಾರೆ. ಒಂದು ಪತ್ರ ಬರೆದು, ದರ ಎಷ್ಟು, ದಿನ ಎಷ್ಟು ಅಂತ ತೋರಿಸಿದರೆ ಮಾತು ಬೆಳೆಯುವುದಿಲ್ಲ. ಅಂಥ ಪತ್ರವನ್ನು ಹೇಗೆ ಬರೆಯುವುದು ಅಂತ ಒಂದು ಉದಾಹರಣೆ ಹಿಡಿದು ನೋಡೋಣ ಬನ್ನಿ.

ಒಂದು ಉದಾಹರಣೆ

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಕ್ಕ ಹಾಳೆ ತಟ್ಟೆ ಮಾಡುತ್ತಾಳೆ ಅಂತ ಇಟ್ಟುಕೊಳ್ಳಿ. ತೋಟದವರಿಂದ ಅಡಿಕೆ ಹಾಳೆ ಕೊಳ್ಳುತ್ತಾಳೆ. ನೀರಲ್ಲಿ ನೆನೆಹಾಕಿ, ತೊಳೆದು, ಬಿಸಿ ಅಚ್ಚಿನ ಯಂತ್ರಕ್ಕೆ ಕೊಟ್ಟು ಒತ್ತುತ್ತಾಳೆ. ಆ ಯಂತ್ರವನ್ನು ಬ್ಯಾಂಕ್ ಸಾಲದಲ್ಲಿ ತಂದಿದ್ದಾಳೆ. ಪ್ರತಿ ತಿಂಗಳೂ ಕಂತು ಕಟ್ಟಬೇಕು. ಕಂತು ತಡವಾದರೆ ಬ್ಯಾಂಕಿನವರು ಸುಮ್ಮನಿರುವುದಿಲ್ಲ. ಹಾಳೆ ಕೊಟ್ಟ ತೋಟದವರೂ ಹಣಕ್ಕೆ ಕಾಯುತ್ತಾರೆ. ಹಾಗಾಗಿ ಅಂಗಡಿಯವರ ತಡ ಅವಳಿಗೆ ನೇರ ನಷ್ಟ.

ಚಿತ್ರದುರ್ಗದ ಒಂದು ಅಂಗಡಿಯವರು ಮದುವೆ ಕಾಲಕ್ಕೆ 7,300 ತಟ್ಟೆ ಕೇಳಿದರು. ತಟ್ಟೆಗೆ 5 ರೂಪಾಯಿ. ಒಟ್ಟು 36,500 ರೂಪಾಯಿ. (ಈ ಮೊತ್ತವನ್ನೇ ಯಾಕೆ ಆರಿಸಿದೆವು ಅಂತ ಆಮೇಲೆ ತಿಳಿಯುತ್ತದೆ.)

ಅಕ್ಕ ಜಾಣೆ. 2025ರ ಫೆಬ್ರವರಿ 24ರಂದು ಆರ್ಡರ್ ತೆಗೆದುಕೊಂಡಾಗಲೇ ಒಂದು ಚೀಟಿ ಬರೆದಳು. ಅದರಲ್ಲಿ ಎರಡು ಮಾತು ಸೇರಿಸಿದಳು:

"ಮಾಲು ಮುಟ್ಟಿದ ದಿನದಿಂದ 30 ದಿನದೊಳಗೆ ಹಣ ಕೊಡಬೇಕು. ತಡವಾದರೆ, ಬಾಕಿ ಇರುವ ಅಸಲಿಗೆ ವರ್ಷಕ್ಕೆ ನೂರಕ್ಕೆ 18 ರೂಪಾಯಿಯಂತೆ ಸರಳ ಬಡ್ಡಿ ಸೇರುತ್ತದೆ."

ಅಂಗಡಿಯವರು ಓದಿ ಸಹಿ ಹಾಕಿದರು. ಚೀಟಿಯ ಒಂದು ಪ್ರತಿ ಅವರ ಹತ್ತಿರ, ಒಂದು ಪ್ರತಿ ಅಕ್ಕನ ಹತ್ತಿರ.

ಈ ಸಹಿಯ ಬೆಲೆ ದೊಡ್ಡದು. ಎಷ್ಟೋ ಜನ ಬಿಲ್ ಪುಸ್ತಕದ ಕೆಳಗೆ ಸಣ್ಣ ಅಕ್ಷರದಲ್ಲಿ "ತಡವಾದರೆ ಬಡ್ಡಿ" ಅಂತ ಅಚ್ಚು ಹಾಕಿಸಿರುತ್ತಾರೆ. ಆದರೆ ಬಿಲ್ಲು ಹೋಗುವುದು ಮಾಲಿನ ಜೊತೆ. ಅಷ್ಟು ಹೊತ್ತಿಗೆ ವ್ಯವಹಾರ ಮುಗಿದಿರುತ್ತದೆ. "ನಾನು ಇದಕ್ಕೆ ಯಾವಾಗ ಒಪ್ಪಿದೆ?" ಅಂತ ಕೊಂಡವರು ಕೇಳಬಹುದು. ಮಾಲು ಹೋಗುವ ಮೊದಲೇ ಒಪ್ಪಿಗೆ ಪಡೆದರೆ ಆ ಪ್ರಶ್ನೆ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. "ನೂರಕ್ಕೆ ಒಂದೂವರೆ" ಅಂದರೆ ತಿಂಗಳಿಗೆ ಒಂದೂವರೆ ರೂಪಾಯಿ. ಹನ್ನೆರಡು ತಿಂಗಳಿಗೆ 18 ರೂಪಾಯಿ. ಎರಡೂ ಒಂದೇ. ಆದರೆ ಚೀಟಿಯಲ್ಲಿ ಬರೀ "ಬಡ್ಡಿ 18" ಅಂತ ಬರೆದರೆ ಮುಂದೆ ಗೊಂದಲ. "ವರ್ಷಕ್ಕೆ" ಅನ್ನುವ ಪದ ಬರೆಯಲೇಬೇಕು.

ಗಡುವು ಯಾವತ್ತು?

ಮಾರ್ಚ್ 3ರಂದು ಮಾಲು ಅಂಗಡಿಗೆ ಮುಟ್ಟಿತು. ಬಿಲ್ಲಿನ ತಾರೀಖೂ ಅದೇ. ಇನ್ನು 30 ದಿನ ಎಣಿಸಬೇಕು.

ಮಾಲು ಮುಟ್ಟಿದ ದಿನವನ್ನು ಎಣಿಸುವುದಿಲ್ಲ. ಮಾರ್ಚ್ 4 ಒಂದನೇ ದಿನ. ಮಾರ್ಚ್ 31ಕ್ಕೆ 28 ದಿನ ಆಯಿತು. ಏಪ್ರಿಲ್ 1ಕ್ಕೆ 29. ಏಪ್ರಿಲ್ 2ಕ್ಕೆ 30. ಅಂದರೆ ಏಪ್ರಿಲ್ 2 ಗಡುವಿನ ದಿನ. ಅವತ್ತು ಸಂಜೆ ಹಣ ಕೊಟ್ಟರೂ ತಡ ಅಲ್ಲ. ಬಡ್ಡಿ ಶುರುವಾಗುವುದು ಏಪ್ರಿಲ್ 3ರಿಂದ.

ಬಹಳ ಜನ ತಪ್ಪುವುದು ಇಲ್ಲೇ. ಬಿಲ್ಲಿನ ತಾರೀಖಿನಿಂದಲೇ ಬಡ್ಡಿ ಹಾಕಿಬಿಡುತ್ತಾರೆ. ಆ 30 ದಿನ ನಾವೇ ಕೊಟ್ಟ ವಾಯಿದೆ. ಅದಕ್ಕೆ ಬಡ್ಡಿ ಇಲ್ಲ. ಪತ್ರದಲ್ಲಿ ಇದೊಂದು ತಪ್ಪು ಕಂಡರೆ ಸಾಕು, ಅಂಗಡಿಯವರು ಉಳಿದ ಲೆಕ್ಕವನ್ನೂ ನಂಬುವುದಿಲ್ಲ.

ಯಾವ ತಿಂಗಳಿಗೆ 31, ಯಾವುದಕ್ಕೆ 30 ಅಂತ ಮರೆತರೆ ಮುಷ್ಟಿ ಹಿಡಿಯಿರಿ. ಬೆರಳಿನ ಗೆಣ್ಣು ಉಬ್ಬಿದ ಕಡೆ 31. ನಡುವಿನ ತಗ್ಗಿಗೆ 30, ಫೆಬ್ರವರಿ ಒಂದು ಬಿಟ್ಟು. ಜನವರಿ ಗೆಣ್ಣು, ಫೆಬ್ರವರಿ ತಗ್ಗು, ಮಾರ್ಚ್ ಗೆಣ್ಣು, ಏಪ್ರಿಲ್ ತಗ್ಗು. ಹೀಗೆ ಜುಲೈಗೆ ಕೊನೆಯ ಗೆಣ್ಣು ಬರುತ್ತದೆ. ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣಿನಿಂದ ಶುರು ಮಾಡಿ.

ದಿನಕ್ಕೆ ಎಷ್ಟು ಬಡ್ಡಿ?

ಅಸಲು 36,500. ವರ್ಷಕ್ಕೆ ನೂರಕ್ಕೆ 18. ನೂರು ರೂಪಾಯಿಗೆ 18 ಆದರೆ 36,500 ರೂಪಾಯಿಗೆ 6,570. ಇದು ಒಂದು ವರ್ಷದ ಬಡ್ಡಿ. ವರ್ಷಕ್ಕೆ 365 ದಿನ. 6,570ನ್ನು 365ರಿಂದ ಭಾಗಿಸಿದರೆ 18. ಅಂದರೆ ದಿನಕ್ಕೆ ಸರಿಯಾಗಿ 18 ರೂಪಾಯಿ.

ಈಗ ಗೊತ್ತಾಯಿತೇ 36,500 ಯಾಕೆ ಅಂತ? ಈ ಮೊತ್ತಕ್ಕೆ ವರ್ಷದ ದರ ಎಷ್ಟೋ, ದಿನದ ಬಡ್ಡಿ ಅಷ್ಟೇ ರೂಪಾಯಿ. ದರ 12 ಆದರೆ ದಿನಕ್ಕೆ 12. ದರ 24 ಆದರೆ ದಿನಕ್ಕೆ 24. ಬೇರೆ ಯಾವ ಮೊತ್ತ ಇದ್ದರೂ ಲೆಕ್ಕ ಇದೇ ದಾರಿಯಲ್ಲಿ ಹೋಗುತ್ತದೆ. ಅಸಲನ್ನು ದರದಿಂದ ಗುಣಿಸಿ. ಬಂದದ್ದನ್ನು ದಿನದಿಂದ ಗುಣಿಸಿ. ಆಮೇಲೆ 36,500ರಿಂದ ಭಾಗಿಸಿ.

ಹೊಸದುರ್ಗದ ಒಬ್ಬರು 12,000 ರೂಪಾಯಿ ತೆಂಗಿನ ನಾರಿನ ಹಗ್ಗ ಕೊಟ್ಟಿದ್ದಾರೆ ಅನ್ನಿ. ದರ ವರ್ಷಕ್ಕೆ 12. ಹಣ 25 ದಿನ ತಡ. 12,000ನ್ನು 12ರಿಂದ ಗುಣಿಸಿದರೆ 1,44,000. ಅದನ್ನು 25ರಿಂದ ಗುಣಿಸಿದರೆ 36,00,000. ಅದನ್ನು 36,500ರಿಂದ ಭಾಗಿಸಿದರೆ 98 ರೂಪಾಯಿ 63 ಪೈಸೆ. ಮೊಬೈಲಿನಲ್ಲಿ ಗುಣಿಸಿ ಭಾಗಿಸಿದರೆ ಒಂದು ನಿಮಿಷದ ಕೆಲಸ.

ನಡುವೆ ಸ್ವಲ್ಪ ಹಣ ಬಂದರೆ?

ಅಕ್ಕನ ಅಂಗಡಿಯವರು ಏಪ್ರಿಲ್ 2ಕ್ಕೆ ಹಣ ಕೊಡಲಿಲ್ಲ. ಮೇ 12ರಂದು 18,250 ರೂಪಾಯಿ ಕೊಟ್ಟರು. ಅಂದರೆ ಅರ್ಧ. ಕೊಡುವಾಗ "ಇದು ಬಿಲ್ಲಿನ ಅಸಲಿಗೆ ಜಮಾ ಮಾಡ್ಕೋ ತಂಗಿ" ಅಂದರು. ಅಕ್ಕ ರಸೀದಿಯಲ್ಲಿ ಹಾಗೇ ಬರೆದುಕೊಟ್ಟಳು. ಉಳಿದ ಅರ್ಧ ಜೂನ್ ಕೊನೆಗೂ ಬರಲಿಲ್ಲ.

ಈಗ ಲೆಕ್ಕವನ್ನು ಎರಡು ಭಾಗ ಮಾಡಬೇಕು.

ಮೊದಲ ಭಾಗ ಏಪ್ರಿಲ್ 3ರಿಂದ ಮೇ 12ರವರೆಗೆ. ಏಪ್ರಿಲ್‌ನಲ್ಲಿ 28 ದಿನ, ಮೇ ತಿಂಗಳಲ್ಲಿ 12 ದಿನ. ಒಟ್ಟು 40 ದಿನ. ಆಗ ಪೂರ್ತಿ 36,500 ಬಾಕಿ ಇತ್ತು. ದಿನಕ್ಕೆ 18ರಂತೆ 720 ರೂಪಾಯಿ.

ಎರಡನೇ ಭಾಗ ಮೇ 13ರಿಂದ ಜೂನ್ 30ರವರೆಗೆ. ಮೇ ತಿಂಗಳಲ್ಲಿ 19 ದಿನ, ಜೂನ್‌ನಲ್ಲಿ 30 ದಿನ. ಒಟ್ಟು 49 ದಿನ. ಬಾಕಿ ಅಸಲು ಅರ್ಧ ಆಗಿದೆ. ಬಡ್ಡಿಯೂ ಅರ್ಧ. ದಿನಕ್ಕೆ 9ರಂತೆ 441 ರೂಪಾಯಿ.

ಎರಡೂ ಸೇರಿ 89 ದಿನ, 1,161 ರೂಪಾಯಿ.

ಅರ್ಧ ಹಣ ಬಂದ ಮೇಲೂ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕಿದ್ದರೆ ಎರಡನೇ ಭಾಗಕ್ಕೆ 882 ಆಗುತ್ತಿತ್ತು. ಅದು ಅನ್ಯಾಯ. ಇನ್ನು 720 ರೂಪಾಯಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವವರಿದ್ದಾರೆ. ಅದು ಚಕ್ರಬಡ್ಡಿ. ಚೀಟಿಯಲ್ಲಿ ಒಪ್ಪಿದ್ದು ಸರಳ ಬಡ್ಡಿ. ಹಾಗಾಗಿ ಅದೂ ಸಲ್ಲದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಂದ ಹಣ ಯಾವುದಕ್ಕೆ ಜಮಾ ಅಂತ ಯಾರೂ ಏನೂ ಹೇಳದೇ ಇದ್ದರೆ, ಮೊದಲು ಬಡ್ಡಿಗೆ, ಆಮೇಲೆ ಅಸಲಿಗೆ ಅನ್ನುವುದು ಸಾಮಾನ್ಯ ನಿಯಮ. ಆಗ 18,250ರಲ್ಲಿ 720 ಬಡ್ಡಿಗೆ ಹೋಗುತ್ತಿತ್ತು. ಅಸಲಿಗೆ 17,530 ಮಾತ್ರ. ಕೊನೆಗೆ ಜೂನ್ 30ಕ್ಕೆ ಹೆಚ್ಚು ಕಡಿಮೆ 17 ರೂಪಾಯಿ ವ್ಯತ್ಯಾಸ. ಇದು ಸಣ್ಣ ಮೊತ್ತ. ಆದರೆ ಲಕ್ಷದ ವ್ಯವಹಾರದಲ್ಲಿ, ವರ್ಷಗಟ್ಟಲೆ ತಡವಾದಾಗ ದೊಡ್ಡದಾಗುತ್ತದೆ. ಅದಕ್ಕೇ ರಸೀದಿಯಲ್ಲಿ "ಅಸಲಿಗೆ" ಅಥವಾ "ಬಡ್ಡಿಗೆ" ಅಂತ ಬರೆಯಬೇಕು.

ಅಕ್ಕ ಬರೆದ ಪತ್ರ

ಹೊಳಲ್ಕೆರೆ ತಾಲ್ಲೂಕು
ತಾರೀಖು: 1-7-2025

ಚಿತ್ರದುರ್ಗದ ಅಂಗಡಿ ಮಾಲೀಕರಿಗೆ,

ನಮಸ್ಕಾರ ಅಣ್ಣಾ.

ವಿಷಯ: 3-3-2025ರ ಬಿಲ್ಲಿನ ಬಾಕಿ ಮತ್ತು ಬಡ್ಡಿ.

ನೀವು ಕೇಳಿದಂತೆ 7,300 ಹಾಳೆ ತಟ್ಟೆಗಳನ್ನು 3-3-2025ರಂದು ನಿಮ್ಮ ಅಂಗಡಿಗೆ ಮುಟ್ಟಿಸಿದ್ದೇನೆ. ಬಿಲ್ಲಿನ ಮೊತ್ತ 36,500 ರೂಪಾಯಿ. 24-2-2025ರ ಆರ್ಡರ್ ಚೀಟಿಯಲ್ಲಿ ನಾವಿಬ್ಬರೂ ಒಪ್ಪಿದಂತೆ 30 ದಿನದ ಗಡುವು 2-4-2025ಕ್ಕೆ ಮುಗಿಯಿತು. ತಡವಾದರೆ ಬಾಕಿ ಅಸಲಿಗೆ ವರ್ಷಕ್ಕೆ ನೂರಕ್ಕೆ 18ರ ಸರಳ ಬಡ್ಡಿ ಎಂದು ಅದೇ ಚೀಟಿಯಲ್ಲಿದೆ.

12-5-2025ರಂದು ನೀವು ಅಸಲಿಗೆ 18,250 ರೂಪಾಯಿ ಕೊಟ್ಟಿದ್ದೀರಿ. ಅದು ಮುಟ್ಟಿದೆ.

ಬಡ್ಡಿಯ ಲೆಕ್ಕ ಹೀಗಿದೆ:
3-4-2025ರಿಂದ 12-5-2025ರವರೆಗೆ 40 ದಿನ, ಅಸಲು 36,500, ದಿನಕ್ಕೆ 18 ರೂಪಾಯಿ: 720 ರೂಪಾಯಿ.
13-5-2025ರಿಂದ 30-6-2025ರವರೆಗೆ 49 ದಿನ, ಅಸಲು 18,250, ದಿನಕ್ಕೆ 9 ರೂಪಾಯಿ: 441 ರೂಪಾಯಿ.
ಒಟ್ಟು ಬಡ್ಡಿ: 1,161 ರೂಪಾಯಿ.
ಬಾಕಿ ಅಸಲು: 18,250 ರೂಪಾಯಿ.
30-6-2025ಕ್ಕೆ ಕೊಡಬೇಕಾದ ಒಟ್ಟು ಹಣ: 19,411 ರೂಪಾಯಿ.

ಇದರ ಮೇಲೆ 1-7-2025ರಿಂದ ಹಣ ಮುಟ್ಟುವ ದಿನದವರೆಗೆ ದಿನಕ್ಕೆ 9 ರೂಪಾಯಿ ಸೇರುತ್ತದೆ. ಲೆಕ್ಕದಲ್ಲಿ ಏನಾದರೂ ತಪ್ಪು ಕಂಡರೆ ತಿಳಿಸಿ. ಇಲ್ಲವಾದರೆ ಜುಲೈ 15ರೊಳಗೆ ಹಣ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬಿಲ್ಲು, ಆರ್ಡರ್ ಚೀಟಿ, ರಸೀದಿ ಇವುಗಳ ನಕಲು ಇದರ ಜೊತೆ ಇದೆ.

ಇಂತಿ,
(ಸಹಿ)

ಈ ಪತ್ರದಲ್ಲಿ ಬೈಗುಳ ಇಲ್ಲ. ಬೆದರಿಕೆಯೂ ಇಲ್ಲ. ಯಾವ ಅಂಕಿಯನ್ನು ಬೇಕಾದರೂ ಅಂಗಡಿಯವರು ತಾವೇ ಕೂಡಿ ನೋಡಬಹುದು. "ದಿನಕ್ಕೆ 9 ರೂಪಾಯಿ ಸೇರುತ್ತದೆ" ಅನ್ನುವ ಸಾಲು ಬಹಳ ಉಪಯೋಗದ್ದು. ಹಣ ಹತ್ತು ದಿನ ಬಿಟ್ಟು ಬಂದರೆ ಹೊಸ ಪತ್ರ ಬರೆಯುವ ಕೆಲಸ ಇಲ್ಲ. 90 ರೂಪಾಯಿ ಸೇರಿಸಿದರೆ ಆಯಿತು.

ಅಕ್ಕ ಪತ್ರವನ್ನು ಕೈಯಲ್ಲೇ ತೆಗೆದುಕೊಂಡು ಹೋದಳು. ಅಂಗಡಿಯವರು ಓದಿದರು.

"ಏನಮ್ಮಾ ತಂಗಿ, ನಾಲ್ಕು ತಿಂಗಳ ಬಡ್ಡಿ ಹಾಕ್ಬಿಟ್ಟಿದ್ದೀಯಾ?"

"ಇಲ್ಲಣ್ಣಾ. ಮಾಲು ಮುಟ್ಟಿ ನಾಲ್ಕು ತಿಂಗಳಾಗೈತೆ. ನೀವು ಕೇಳಿದ ಒಂದು ತಿಂಗಳು ಬಿಟ್ಟಿದ್ದೀನಿ. 89 ದಿನಕ್ಕೆ ಮಾತ್ರ ಹಾಕಿದ್ದೀನಿ, ನೋಡಿ."

"ಮೇ ತಿಂಗಳಲ್ಲಿ ದುಡ್ಡು ಕೊಟ್ಟಿದ್ನಲ್ಲಾ?"

"ಅದಕ್ಕೇ ಅಲ್ಲಿಂದ 18 ಹೋಗಿ 9 ಆಗೈತೆ. ಎರಡನೇ ಸಾಲು ನೋಡಿ ಅಣ್ಣಾ."

ಅಂಗಡಿಯವರು ಕ್ಯಾಲೆಂಡರ್ ನೋಡಿ ದಿನ ಎಣಿಸಿದರು. ಸರಿ ಇತ್ತು. "ಬಡ್ಡೀಲಿ ಒಂಚೂರು ಬಿಡು" ಅಂದರು. ಬಿಡುವುದೂ ಬಿಡದಿರುವುದೂ ಅಕ್ಕನ ಇಷ್ಟ. ಹಳೇ ಗಿರಾಕಿ ಅಂತ ಕೆಲವರು ಸ್ವಲ್ಪ ಬಿಡುತ್ತಾರೆ. ಹಾಗೆ ಬಿಟ್ಟರೆ ಅದನ್ನೂ ರಸೀದಿಯಲ್ಲಿ ಬರೆಯಬೇಕು. ಅಕ್ಕ ತನ್ನ ಹತ್ತಿರ ಉಳಿಯುವ ಪ್ರತಿಯ ಮೇಲೆ "ಪತ್ರ ಮುಟ್ಟಿದೆ" ಅಂತ ಬರೆಸಿ, ತಾರೀಖಿನ ಜೊತೆ ಸಹಿ ಹಾಕಿಸಿಕೊಂಡಳು.

ಕೈಗೆ ಕೊಡಲು ಆಗದಿದ್ದರೆ ಅಂಚೆಯಲ್ಲಿ ಕಳಿಸಬಹುದು. ಮೊದಲು ಇದಕ್ಕೆ ರಿಜಿಸ್ಟರ್ಡ್ ಪೋಸ್ಟ್ ಇತ್ತು. 2025ರ ಸೆಪ್ಟೆಂಬರ್ 1ರಿಂದ ಅದನ್ನು ಸ್ಪೀಡ್ ಪೋಸ್ಟ್‌ಗೆ ಸೇರಿಸಿದ್ದಾರೆ. ಅಂಚೆ ಕಚೇರಿಯಲ್ಲಿ "ಮುಟ್ಟಿದ್ದಕ್ಕೆ ಪುರಾವೆ ಬೇಕು" ಅಂತ ಕೇಳಿ ಕಳಿಸಿ. ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿ ಇಡಿ.

ಚೀಟಿ ಬರೆಯದೇ ಇದ್ದರೆ?

ಬಡ್ಡಿ ದರವನ್ನು ಮೊದಲೇ ಒಪ್ಪಿಕೊಂಡಿಲ್ಲ ಅಂದರೆ ಪತ್ರದಲ್ಲಿ 18 ಅಂತ ನಾವೇ ಹಾಕಿಕೊಳ್ಳಲು ಬರುವುದಿಲ್ಲ. ಹಾಗಂತ ದಾರಿಯೇ ಇಲ್ಲ ಅಂತಲ್ಲ. 1978ರ ಬಡ್ಡಿ ಕಾಯಿದೆ ಅಂತ ಒಂದು ಇದೆ. ಅದರಂತೆ ಕೋರ್ಟು ಬಡ್ಡಿ ಕೊಡಿಸಬಹುದು. ಆದರೆ ದರ ಬ್ಯಾಂಕುಗಳು ಠೇವಣಿಗೆ ಕೊಡುವ ದರವನ್ನು ಮೀರುವುದಿಲ್ಲ. ಅದು 18ಕ್ಕಿಂತ ಎಷ್ಟೋ ಕಡಿಮೆ. ಹಣ ಕೊಡುವ ತಾರೀಖು ಬರಹದಲ್ಲಿ ಇದ್ದರೆ ಆ ತಾರೀಖಿನಿಂದ ಬಡ್ಡಿ ಸಿಗಬಹುದು. ಬರಹದಲ್ಲಿ ಇಲ್ಲದಿದ್ದರೆ, "ಬಡ್ಡಿ ಕೇಳುತ್ತೇನೆ" ಅಂತ ನಾವು ಪತ್ರ ಕೊಟ್ಟ ದಿನದಿಂದ ಮಾತ್ರ. ಹಾಗಾಗಿ ಚೀಟಿ ಇಲ್ಲದವರು ಪತ್ರವನ್ನು ಬೇಗ ಬರೆಯಬೇಕು. ಪತ್ರ ತಡವಾದಷ್ಟೂ ಬಡ್ಡಿಯ ದಿನ ಕಳೆದುಹೋಗುತ್ತವೆ.

ಸಣ್ಣ ಉದ್ದಿಮೆಯವರಿಗೆ 2006ರಲ್ಲಿ ಇನ್ನೊಂದು ಕಾಯಿದೆ ಬಂದಿದೆ. ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡವರಿಗೆ ಅದು ಅನ್ವಯ. ನೋಂದಣಿಗೆ ಶುಲ್ಕ ಇಲ್ಲ. ಆ ಕಾಯಿದೆಯಂತೆ ಕೊಂಡವರು ಎಷ್ಟೇ ವಾಯಿದೆ ಬರೆಸಿಕೊಂಡರೂ 45 ದಿನ ಮೀರುವ ಹಾಗಿಲ್ಲ. ವಾಯಿದೆ ಬರೆದೇ ಇಲ್ಲ ಅಂದರೆ 15 ದಿನ. ಅದನ್ನು ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆದರೆ ಮಾಲು ಕೊಡುವ ಮೊದಲೇ ನೋಂದಣಿ ಆಗಿರುವುದು ಒಳ್ಳೆಯದು. ಜಗಳ ಬಂದ ಮೇಲೆ ಮಾಡಿಸಿದ ನೋಂದಣಿ ಹಳೇ ಬಿಲ್ಲಿಗೆ ನೆರವಾಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಇದರ ವಿವರವನ್ನು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು.

ಪತ್ರ ಕೊಟ್ಟರೂ ಹಣ ಬರದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ತಾಲ್ಲೂಕು ಕೇಂದ್ರದ ಕೋರ್ಟಿನಲ್ಲಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಮಾಲಿನ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಗಡುವು ಮುಗಿದ ದಿನದಿಂದ 3 ವರ್ಷ ಅವಕಾಶ. ಅಕ್ಕನ ಬಿಲ್ಲಿಗೆ ಆ ಎಣಿಕೆಯೂ 2025ರ ಏಪ್ರಿಲ್ 2ರ ಗಡುವಿನಿಂದಲೇ ಶುರು. ಹೋಗುವಾಗ ಆರ್ಡರ್ ಚೀಟಿ, ಬಿಲ್ಲು, ಮೇ 12ರ ರಸೀದಿ, ಸಹಿ ಇರುವ ಪತ್ರದ ಪ್ರತಿ, ಈ ನಾಲ್ಕನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.